ಪ್ಯೂರಿಫೈಯರ್ ಮುಂಭಾಗದ ಫೋಟೋ ನೋಡಿ ಫಿಲ್ಟರ್ ಕಿಟ್ ತರಿಸುವವರೇ, ಸ್ವಲ್ಪ ನಿಲ್ಲಿ

ಕಪ್ಪು ಬಾಡಿ, ಪಕ್ಕದಲ್ಲಿ ನೀರು ಕಾಣುವ ಟ್ಯಾಂಕ್, ಮೇಲೆ ಮೂರು ದೀಪ, ದೀಪದ ಕೆಳಗೆ ‘ಆರ್‌ಒ+ಯುವಿ’ ಅನ್ನೋ ಸ್ಟಿಕ್ಕರ್. ಒಂದು ಮನೆಯವರು ಇಷ್ಟೇ ಕಾಣುವ ಒಂದು ಫೋಟೋ ಕಳಿಸಿ, ‘ಈ ಮಾಡೆಲ್‌ಗೆ ಪೂರ್ತಿ ಫಿಲ್ಟರ್ ಸೆಟ್ ಬೇಕು’ ಅಂತ ಆರ್ಡರ್ ಮಾಡಿದರು. ಬಂದ ಸೆಟ್ ಸಲೀಸಾಗಿ ಕೂತಿತು. ನೀರೂ ಮೊದಲಿಗಿಂತ ಜೋರಾಗಿ ಬಂತು. ಐದು ತಿಂಗಳಾಗುವಷ್ಟರಲ್ಲಿ ಟ್ಯಾಂಕ್ ತುಂಬೋದಕ್ಕೆ ಮೊದಲಿನ ಎರಡರಷ್ಟಕ್ಕೂ ಹೆಚ್ಚು ಹೊತ್ತು ಬೇಕಾಯಿತು, ನೀರಿನ ರುಚಿ ಕೆಟ್ಟಿತು, ನೀರಿನ ಲವಣ ತಡೆಯುವ, ಎರಡು ವರ್ಷ ಬರಬೇಕಾಗಿದ್ದ ಮೆಂಬ್ರೇನ್ ಹಾಳಾಗಿತ್ತು. ಇಷ್ಟೂ ದಿನ ಫಿಲ್ಟರ್ ದೀಪ ಮಾತ್ರ ಹಸಿರಾಗೇ ಉರಿಯುತ್ತಿತ್ತು.

ಇಲ್ಲಿ ಯಾರೂ ನಕಲಿ ಮಾಲು ಕೊಟ್ಟಿರಲಿಲ್ಲ. ಕಿಟ್ ಒಳ್ಳೆಯದೇ, ಆದರೆ ಬೇರೆ ಮಷೀನಿನದು.

ಪ್ಯೂರಿಫೈಯರ್ ತಯಾರಿಸುವವರಿಗೆ ಹೊರಗಿನ ಪ್ಲಾಸ್ಟಿಕ್ ಬಾಡಿಯ ಅಚ್ಚು ಮಾಡಿಸೋದು ದೊಡ್ಡ ಖರ್ಚು. ಹಾಗಾಗಿ ಒಂದೇ ಬಾಡಿಯನ್ನು ನಾಲ್ಕಾರು ಮಾಡೆಲ್‌ಗಳಿಗೆ ಬಳಸುತ್ತಾರೆ. ಒಂದರಲ್ಲಿ ಯುವಿ ಮಾತ್ರ ಇರುತ್ತೆ, ಇನ್ನೊಂದರಲ್ಲಿ ಆರ್‌ಒ ಕೂಡ. ಮತ್ತೊಂದರಲ್ಲಿ ಮಿನರಲ್ ಕ್ಯಾಟ್ರಿಜ್ ಸೇರಿರುತ್ತೆ, ಮಗದೊಂದು ವೇಸ್ಟ್ ನೀರು ಕಡಿಮೆ ಬಿಡೋ ತರಹದ್ದು. ಮುಂಭಾಗದಲ್ಲಿ ಓದಲು ಸಿಗೋದು ಸೀರೀಸ್ ಹೆಸರು ಮಾತ್ರ. ಅದರ ಹಿಂದೆ ಬರುವ ‘ಪ್ಲಸ್’, ‘ಮ್ಯಾಕ್ಸ್’ ತರಹದ ಬಾಲ ಎಷ್ಟೋ ಸಲ ಡಬ್ಬದ ಮೇಲೆ ಇರುತ್ತೆ, ಮಷೀನಿನ ಮೇಲೆ ಇರಲ್ಲ. ಫೋಟೋ ಹಾಕಿ ಹುಡುಕಿದರೂ ಅಷ್ಟೇ, ಮಾರುವವರೇ ಎಲ್ಲ ಮಾಡೆಲ್‌ಗೂ ಒಂದೇ ಚಿತ್ರ ಹಾಕಿರುತ್ತಾರೆ.

ಈ ಮನೆಯ ಮಷೀನಿನಲ್ಲಿ ಮೊದಲು ಇದ್ದದ್ದು 1812-75 ಅಂತ ಬರೆದ ಮೆಂಬ್ರೇನ್. ಮೊದಲ ನಾಲ್ಕು ಅಂಕಿ ಅದರ ಅಳತೆ: 1.8 ಇಂಚು ದಪ್ಪ, 12 ಇಂಚು ಉದ್ದದ ವರ್ಗ. ಕೊನೆಯ 75 ಅಂದರೆ ದಿನಕ್ಕೆ 75 ಗ್ಯಾಲನ್, ಸುಮಾರು 284 ಲೀಟರ್. ಇದು ಪರೀಕ್ಷೆಯ ಒತ್ತಡದಲ್ಲಿ, ಹದವಾದ ತಾಪಮಾನದಲ್ಲಿ ಬರುವ ಲೆಕ್ಕ. ನಿಮಿಷಕ್ಕೆ ಇಳಿಸಿದರೆ ಸುಮಾರು 200 ಮಿಲಿ. ವೇಸ್ಟ್ ನೀರಿನ ಪೈಪಿನ ಮಧ್ಯೆ ಬೆರಳುದ್ದದ ಬಿಳಿ ಕೊಳವೆ ಒಂದಿರುತ್ತೆ, ಅದೇ ಫ್ಲೋ ರಿಸ್ಟ್ರಿಕ್ಟರ್, ಮೆಕ್ಯಾನಿಕ್‌ಗಳು ಎಫ್‌ಆರ್ ಅಂತಾರೆ. ಈ ಮನೆಯದರ ಮೇಲೆ 450 ಅಂತಿತ್ತು, ಅಂದರೆ ನಿಮಿಷಕ್ಕೆ ಸುಮಾರು 450 ಮಿಲಿ ವೇಸ್ಟ್ ನೀರನ್ನು ಬಿಡುವಂಥದ್ದು. ಒಳಗೆ 650 ಹೋದರೆ 200 ಕುಡಿಯಲು, 450 ಹೊರಕ್ಕೆ. ಸುಮಾರು 31 ಶೇಕಡಾ ನೀರು ಕೈಗೆ ಸಿಗುತ್ತಿತ್ತು.

ಬಂದ ಕಿಟ್ ನೀರು ಉಳಿಸುವ ಮಾಡೆಲ್‌ನದು. ಅದರಲ್ಲಿ 100 ಗ್ಯಾಲನ್ ಮೆಂಬ್ರೇನ್, 300ರ ಎಫ್‌ಆರ್. ಎರಡೂ ಹಳೆ ಜಾಗದಲ್ಲೇ ಕೂರುತ್ತವೆ, ಯಾಕೆಂದರೆ ಮೆಂಬ್ರೇನ್ ಕೂರುವ ಹೌಸಿಂಗ್ ಅದೇ, ಪೈಪೂ ಅದೇ ಕಾಲಿಂಚಿನದು. ಕೂತಿತು ಅಂದ ಮಾತ್ರಕ್ಕೆ ಸರಿ ಅಂತಲ್ಲ. ಈಗ ನಿಮಿಷಕ್ಕೆ 270 ಕುಡಿಯೋ ನೀರು, 300 ವೇಸ್ಟ್. ಸಿಗುವ ನೀರು 47 ಶೇಕಡಾಗೆ ಏರಿತು. ಕೇಳೋಕೆ ಲಾಭ ಅನ್ನಿಸುತ್ತೆ. ಆದರೆ ಒಳಬಂದ ಲವಣವೆಲ್ಲ ಉಳಿದ ವೇಸ್ಟ್ ನೀರಿನಲ್ಲೇ ಹೋಗಬೇಕಲ್ಲ? ಇವರ ನೀರಿನ ಟಿಡಿಎಸ್, ಅಂದರೆ ಕರಗಿರುವ ಲವಣದ ಅಳತೆ, 700. ಮೊದಲು ವೇಸ್ಟ್ ನೀರು ಸುಮಾರು 1000ಕ್ಕೆ ಮುಟ್ಟುತ್ತಿತ್ತು, ಈಗ ಸುಮಾರು 1300ಕ್ಕೆ ಏರಿತು. ಗಡಸು ನೀರು ಅಷ್ಟು ಗಟ್ಟಿಯಾದರೆ ಅದರಲ್ಲಿರೋ ಸುಣ್ಣ ಕರಗಿಯೇ ಇರಲ್ಲ, ಮೆಂಬ್ರೇನ್ ಮೇಲೆ ಕೂರುತ್ತೆ.

ನೀರು ಉಳಿಸುವ ಮಾಡೆಲ್ ಮಾಡಿದವರಿಗೆ ಇದು ಗೊತ್ತಿಲ್ಲದೇ ಇಲ್ಲ. ಅದಕ್ಕೇ ಅದರಲ್ಲಿ ಮೆಂಬ್ರೇನ್‌ಗೆ ಮುಂಚೆ ಆಂಟಿಸ್ಕೇಲಂಟ್ ಕ್ಯಾಟ್ರಿಜ್ ಒಂದು ಹೆಚ್ಚಿಗೆ ಇರುತ್ತೆ. ಒಳಗಿನ ಗಾಜಿನಂಥ ಮಣಿಗಳು ನಿಧಾನವಾಗಿ ಕರಗುತ್ತಾ ಸುಣ್ಣ ಕಟ್ಟದಂತೆ ನೋಡಿಕೊಳ್ಳುತ್ತವೆ. ಕಿಟ್ ಜೊತೆ ಅದೂ ಬಂದಿತ್ತು! ಈ ಮಷೀನಿನಲ್ಲಿ ಅದಕ್ಕೆ ಕ್ಲಿಪ್ಪೂ ಇಲ್ಲ, ಪೈಪೂ ಇಲ್ಲ. ಹಾಕಲು ಬಂದವನು ‘ಇದು ಎಕ್ಸ್‌ಟ್ರಾ, ಇಟ್ಕೊಳ್ಳಿ ಮೇಡಂ’ ಅಂದು ಅಡುಗೆಮನೆ ಕಟ್ಟೆ ಮೇಲೆ ಇಟ್ಟು ಹೋದ. ಇಡೀ ಪ್ರಕರಣದಲ್ಲಿ ತಪ್ಪು ಕಣ್ಣಿಗೆ ಬೀಳಬಹುದಾಗಿದ್ದ ಜಾಗ ಇದೊಂದೇ. ಕಿಟ್‌ನಲ್ಲಿ ಒಂದು ಮಿಕ್ಕಿದರೆ, ಅಥವಾ ಬಿಚ್ಚಿದ್ದಕ್ಕಿಂತ ಒಂದು ಕಡಿಮೆ ಬಿದ್ದರೆ, ಅಲ್ಲೇ ನಿಲ್ಲಿಸಿ. ಹಳೆಯದನ್ನೂ ಹೊಸದನ್ನೂ ನೆಲದ ಮೇಲೆ ಜೋಡಿ ಜೋಡಿಯಾಗಿ ಇಟ್ಟು ನೋಡುವ ತನಕ ಹಳೆಯದನ್ನು ಕಸಕ್ಕೆ ಹಾಕಲು ಬಿಡಬೇಡಿ.

ಹಾಗಾದರೆ ಮಾಡೆಲ್ ಗುರುತಿಸೋದು ಎಲ್ಲಿಂದ? ಮೊದಲು ಮಷೀನಿನ ಹಿಂಬದಿ, ಪಕ್ಕ, ಅಡಿ ನೋಡಿ. ಅಲ್ಲಿಲ್ಲದಿದ್ದರೆ ಮುಂಬಾಗಿಲು ತೆಗೆದ ಮೇಲೆ ಒಳಗೋಡೆಯಲ್ಲಿ ಇರುತ್ತೆ: ಮಾಡೆಲ್ ನಂಬರ್, ಸೀರಿಯಲ್ ನಂಬರ್, ತಯಾರಾದ ತಿಂಗಳು ಇರುವ ಚೀಟಿ. ಗೋಡೆಗೆ ತೂಗುಹಾಕಿದ ಮಷೀನ್ ಆದರೆ ಫೋನನ್ನು ಹಿಂದಿನ ಸಂದಿಯಲ್ಲಿ ತೂರಿಸಿ ವಿಡಿಯೋ ಮಾಡಿ, ಆಮೇಲೆ ನಿಲ್ಲಿಸಿ ಓದಿ. ಮಷೀನ್ ಕಳಚೋದಕ್ಕಿಂತ ಅದೇ ಸುಲಭ. ಚೀಟಿ ಅಳಿಸಿಹೋಗಿದ್ದರೆ ಪ್ಲಗ್ ಕಿತ್ತು, ನೀರಿನ ವಾಲ್ವ್ ಮುಚ್ಚಿ, ಮುಂದಿನ ಕವರ್ ತೆಗೆದು ಒಳಗಿನ ಫೋಟೋ ತೆಗೆಯಿರಿ. ಪೈಪುಗಳು ಯಾವುದರಿಂದ ಯಾವುದಕ್ಕೆ ಹೋಗುತ್ತವೆ ಅನ್ನೋದು ಕಾಣುವ ಒಂದು ಪೂರ್ತಿ ಚಿತ್ರ ಬೇಕು. ಆಮೇಲೆ ಪ್ರತಿ ಕ್ಯಾಟ್ರಿಜ್‌ನ ಹೆಸರು ಮತ್ತು ಬಾಣದ ಗುರುತು, ಎಫ್‌ಆರ್ ಮೇಲಿನ ಅಂಕಿ, ಯುವಿ ಲ್ಯಾಂಪಿನ ವಾಟ್, ಇವನ್ನು ಹತ್ತಿರದಿಂದ ಹಿಡಿಯಿರಿ. ಮೆಂಬ್ರೇನ್ ಅಂಕಿ ಮಾತ್ರ ಹೌಸಿಂಗ್ ಒಳಗಿರುತ್ತೆ, ಅದನ್ನು ಬಿಚ್ಚಿದಾಗಲೇ ಕಾಣೋದು. ಮಾರುವವರಿಗೆ ಕಳಿಸಬೇಕಾದ್ದು ಈ ಫೋಟೋಗಳು. ಮುಂಭಾಗದ್ದು ಬೇಕಾದರೆ ಜೊತೆಗಿರಲಿ.

ಇನ್ನು ಆ ಹಸಿರು ದೀಪ. ಮನೆ ಬಳಕೆಯ ಬಹುಪಾಲು ಮಷೀನುಗಳಲ್ಲಿ ಫಿಲ್ಟರ್ ದೀಪಕ್ಕೆ ಫಿಲ್ಟರ್ ಕಾಣಲ್ಲ. ಅದು ದಿನ ಎಣಿಸುತ್ತೆ, ಇಲ್ಲವೇ ಪಂಪ್ ಓಡಿದ ಹೊತ್ತನ್ನೋ ಹರಿದ ಲೀಟರನ್ನೋ ಎಣಿಸುತ್ತೆ. ರೀಸೆಟ್ ಒತ್ತಿದ ಕೂಡಲೇ ಎಣಿಕೆ ಸೊನ್ನೆಗೆ ಬರುತ್ತೆ, ಒಳಗೆ ಏನು ಹಾಕಿದ್ದೀರಿ, ಹಾಕಿದ್ದೀರೋ ಇಲ್ಲವೋ, ಅದಕ್ಕೆ ಗೊತ್ತಾಗಲ್ಲ. ಕೆಲವು ಮಷೀನುಗಳಲ್ಲಿ ಎಲ್ಲ ಫಿಲ್ಟರ್‌ಗೂ ಸೇರಿ ಒಂದೇ ಎಣಿಕೆ. ಮಣ್ಣು, ಕೆಸರು ತಡೆಯುವ ಹೊರಗಿನ ಕ್ಯಾಂಡಲ್ ಒಂದನ್ನೇ ಬದಲಿಸಿ ರೀಸೆಟ್ ಮಾಡಿದರೆ ಕಾರ್ಬನ್ನಿನ ಲೆಕ್ಕವೂ ಅಳಿಸಿಹೋಗುತ್ತೆ. ದೀಪ ಸುಮ್ಮನೆ ಉರಿದರೆ ಒಂದು ಅರ್ಥ, ಮಿನುಗಿದರೆ ಇನ್ನೊಂದು, ಅದೂ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಅದಕ್ಕೂ ಆ ಚೀಟಿಯ ನಂಬರ್ ಬೇಕು.

ಬದಲಿಸುವ ಪಟ್ಟಿಯಲ್ಲಿ ‘6000 ಲೀಟರ್ ಅಥವಾ 12 ತಿಂಗಳು, ಯಾವುದು ಮೊದಲೋ ಅದು’ ಅನ್ನೋ ತರಹದ ಸಾಲಿದ್ದರೆ, ಯಾವ ನೀರಿನ ಲೀಟರ್ ಅಂತ ಕೇಳಿಕೊಳ್ಳಿ. ದಿನಕ್ಕೆ 15 ಲೀಟರ್ ಕುಡಿಯೋ ನೀರು ಬಳಸುವ ಮನೆ ಅಂದುಕೊಳ್ಳಿ. ಶುದ್ಧ ನೀರಿನ ಲೆಕ್ಕವಾದರೆ 6000 ಮುಗಿಯಲು 400 ದಿನ, ಅಷ್ಟರೊಳಗೆ 12 ತಿಂಗಳೇ ಬಂದುಬಿಡುತ್ತೆ. ಆದರೆ ಮೆಂಬ್ರೇನ್‌ಗಿಂತ ಮುಂಚೆ ಇರುವ ಕ್ಯಾಂಡಲ್, ಕಾರ್ಬನ್ ಮೂಲಕ ವೇಸ್ಟ್ ಆಗುವ ನೀರೂ ಹಾದುಹೋಗುತ್ತೆ. 31 ಶೇಕಡಾ ಸಿಗುವ ಮಷೀನಿನಲ್ಲಿ 15 ಲೀಟರಿಗೆ 48 ಲೀಟರ್ ಒಳಬರಬೇಕು. ಒಳಬಂದ ನೀರಿನ ಲೆಕ್ಕವಾದರೆ ಅದೇ 6000, 125 ದಿನಕ್ಕೆ ಖಾಲಿ. ಬಿಡಿಯಾಗಿ ಮಾರುವ ಕಾರ್ಬನ್ ಕ್ಯಾಟ್ರಿಜ್ ಮೇಲೆ ಬರೆದಿರೋದು ಸಾಮಾನ್ಯವಾಗಿ ಅದರೊಳಗೆ ಹರಿಯೋ ನೀರಿನ ಲೆಕ್ಕ. ಕ್ಲೋರಿನ್ ಹಾಕಿದ ನೀರು ಬರುವ ಮನೆಗಳಲ್ಲಿ ಇದನ್ನು ಉದಾಸೀನ ಮಾಡಬೇಡಿ, ಕಾರ್ಬನ್ ಸೋತರೆ ಕ್ಲೋರಿನ್ ನೇರ ಮೆಂಬ್ರೇನ್‌ಗೆ ತಾಗಿ ಅದನ್ನು ತಿನ್ನುತ್ತೆ. ಯುವಿ ಲ್ಯಾಂಪ್ ವಿಷಯ ಚಿಕ್ಕದು: ಇಡೀ ದಿನ ಉರಿಯುವ ಮಷೀನಿನಲ್ಲಿ ವರ್ಷಕ್ಕೆ 8760 ಗಂಟೆ ಆಗುತ್ತೆ. ನೀಲಿ ಬೆಳಕು ಕಂಡ ಮಾತ್ರಕ್ಕೆ ಅದರ ಶಕ್ತಿ ಉಳಿದಿದೆ ಅಂತಲ್ಲ.

ಮೆಂಬ್ರೇನ್‌ಗೆ ತಿಂಗಳ ಲೆಕ್ಕಕ್ಕಿಂತ ಅಳತೆ ಮೇಲು. ಟಿಡಿಎಸ್ ಮೀಟರ್, ಅಳತೆ ಲೋಟ ಮತ್ತು ಗಡಿಯಾರ ಸಾಕು. ಟ್ಯಾಂಕಿನ ನೀರನ್ನು ಅಳೆಯಬೇಡಿ, ರುಚಿಗೆ ಅಂತ ಸ್ವಲ್ಪ ಕಚ್ಚಾ ನೀರು ಬೆರೆಸುವ ಟಿಡಿಎಸ್ ವಾಲ್ವ್ ಇದ್ದರೆ ಆ ಅಂಕಿ ದಾರಿ ತಪ್ಪಿಸುತ್ತೆ. ವಾಲ್ವ್‌ನ ನೀರು ಸೇರುವ ಮುಂಚೆ, ಮೆಂಬ್ರೇನ್ ಹೌಸಿಂಗ್‌ನಿಂದ ಬರುವ ಪೈಪನ್ನೇ ಬಿಚ್ಚಿ, ಐದು ನಿಮಿಷ ಹರಿಸಿ, ಆಮೇಲೆ ಹಿಡಿಯಿರಿ. ಈ ಮನೆಯಲ್ಲಿ ಐದನೇ ತಿಂಗಳಿಗೆ 700ರ ನೀರು 250 ಆಗಿ ಬರುತ್ತಿತ್ತು. 700ರಲ್ಲಿ 250 ಕಳೆದು 700ರಿಂದ ಭಾಗಿಸಿದರೆ ಮೆಂಬ್ರೇನ್ ತಡೆಯುತ್ತಿದ್ದದ್ದು ಬರೀ 64 ಶೇಕಡಾ. ಹೊಸದರಲ್ಲಿ 90ರ ಮೇಲಿರಬೇಕು. ನಿಮಿಷಕ್ಕೆ ಬರುತ್ತಿದ್ದ ನೀರು 90 ಮಿಲಿ.

ಟಿಡಿಎಸ್ ಏರಿ ಧಾರೆ ಸಣ್ಣದಾಗಿದ್ದರೆ ಅನುಮಾನ ಸುಣ್ಣದ ಮೇಲೆ. ಟಿಡಿಎಸ್ ಏರಿ ಧಾರೆಯೂ ದಪ್ಪವಾಗಿದ್ದರೆ ಕ್ಲೋರಿನ್ ತಿಂದಿರಬಹುದು, ಇಲ್ಲವೇ ಒ-ರಿಂಗ್ ಅನ್ನೋ ರಬ್ಬರ್ ಬಳೆ ಸರಿಯಾಗಿ ಕೂತಿಲ್ಲ. ಇಲ್ಲಿ ಹೊರತೆಗೆದ ಮೆಂಬ್ರೇನ್ ನೀರು ಬಸಿದ ಮೇಲೂ ಹೊಸದಕ್ಕಿಂತ ಭಾರವಿತ್ತು. ನೀರು ಒಳಬರುವ ತುದಿ ಸುಮಾರು ಚೊಕ್ಕವಾಗಿತ್ತು, ವೇಸ್ಟ್ ಹೊರಡುವ ತುದಿಯಲ್ಲಿ ಉಗುರಿಗೆ ಮರಳಿನ ಹಾಗೆ ಹತ್ತುವ ಬಿಳಿ ಪದರ. ಅದರ ಮೇಲೆ ನಿಂಬೆರಸ ಬಿಟ್ಟಾಗ ಸಣ್ಣಗೆ ನೊರೆ ಎದ್ದಿತು. ಸುಣ್ಣ ಕೂರೋದು ಯಾವಾಗಲೂ ನೀರು ಅತಿ ಗಟ್ಟಿಯಾಗುವ ಆ ಕೊನೆಯಿಂದಲೇ. ಮಣ್ಣು, ಕೆಸರು ಆಗಿದ್ದರೆ ಮೊದಲ ತುದಿಯಲ್ಲಿ ಕಾಣುತ್ತಿತ್ತು.

ಚೀಟಿಯ ನಂಬರ್ ಹಿಡಿದು ತರಿಸಿದ 75ರ ಮೆಂಬ್ರೇನ್, 450ರ ಎಫ್‌ಆರ್ ಹಾಕಿ, ಮೊದಲ ಎರಡು ಟ್ಯಾಂಕ್ ನೀರು ಚೆಲ್ಲಿದ ಮೇಲೆ ಬಂದ ಅಂಕಿ ಹೀಗಿತ್ತು: ಪೈಪಿನಲ್ಲಿ ಟಿಡಿಎಸ್ 56, ನಿಮಿಷಕ್ಕೆ ಕುಡಿಯೋ ನೀರು 195 ಮಿಲಿ, ವೇಸ್ಟ್ 440. ತಾರೀಖಿನ ಸಮೇತ ಇದನ್ನು ಮುಂಬಾಗಿಲಿನ ಒಳಗಡೆ ಮಾರ್ಕರ್‌ನಲ್ಲಿ ಬರೆದಿದ್ದಾರೆ, ಮುಂದಿನ ಸಲ ಕವರ್ ತೆಗೆದವರಿಗೆ ಮೊದಲು ಕಾಣೋದು ಅದೇ.