12 ಸೆಕೆಂಡಿನ ಇಂಟ್ರೊ, 3 ಸೆಕೆಂಡಿನ ಕತ್ತರಿ ಸದ್ದು: ವಾರದ ವಿಡಿಯೊಗೆ ನಾನು ಉಳಿಸಿಕೊಂಡಿದ್ದು ಯಾವುದು?

ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ. ವಾರವಾರ ಬರುವ ವಿಡಿಯೊಗೆ ಮೊದಲು 15–20 ಸೆಕೆಂಡ್ ನೇರ ವಿಷಯ, ಆಮೇಲೆ 3 ಸೆಕೆಂಡಿನ ಚಿಕ್ಕ ಇಂಟ್ರೊ, ಅದರಲ್ಲಿ ನಾವೇ ರೆಕಾರ್ಡ್ ಮಾಡಿದ ಸದ್ದು. ದುಡ್ಡು ಕೊಟ್ಟು ಮಾಡಿಸಿದ 12 ಸೆಕೆಂಡಿನ ಅನಿಮೇಷನ್ ಇಂಟ್ರೊ ನನಗೆ ಬೇಡವೇ ಬೇಡ. ಅದಕ್ಕೆ ₹3,500 ಕೊಟ್ಟಿದ್ದೆ. ನೋಡಲು ಚೆನ್ನಾಗಿಯೇ ಇತ್ತು. ಬೀಜ ಮೊಳೆತು, ಎಲೆ ಬಿಟ್ಟು, ಸರಣಿಯ ಹೆಸರಾಗುತ್ತಿತ್ತು. ಹಿಂದೆ ಗಿಟಾರ್ ಸಂಗೀತ.

ನಾನು ಮಾಡುವುದು ತಾರಸಿ ತೋಟದ ವಿಡಿಯೊ. ಮೈಸೂರಿನಲ್ಲಿ ನಮ್ಮ ಮನೆ ತಾರಸಿ ಮೇಲೆ ಕುಂಡ, ಗ್ರೋ ಬ್ಯಾಗ್ ಎಲ್ಲ ಸೇರಿ ನಲವತ್ತು ಚಿಲ್ಲರೆ ಇವೆ. ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತು ನಿಮಿಷದ ಒಂದು ವಿಡಿಯೊ ಹಾಕುತ್ತೇನೆ. ಶೂಟ್ ಮಾಡುವುದು ಫೋನಿನಲ್ಲಿ. ಎಡಿಟ್ ಮಾಡಲು ಸಿಗುವುದು ಶನಿವಾರ ರಾತ್ರಿ ಮಾತ್ರ. ಈ ಹೋಲಿಕೆಯನ್ನು ಆ ಲೆಕ್ಕದಲ್ಲೇ ಓದಿ.

ಮೊದಲು ಆ ಅನಿಮೇಷನ್ ಇಂಟ್ರೊದಿಂದ ಆದ ತೊಂದರೆ ಹೇಳುತ್ತೇನೆ.

ಹತ್ತು ವಾರ ಏನೂ ಆಗಲಿಲ್ಲ. ಹನ್ನೊಂದನೇ ವಾರ ಯೂಟ್ಯೂಬ್ ಸ್ಟುಡಿಯೊದಲ್ಲಿ ಕಾಪಿರೈಟ್ ಕ್ಲೇಮ್ ಬಂತು. ಆ ವಾರದ ವಿಡಿಯೊಗೆ ಮಾತ್ರ ಅಲ್ಲ, ಹಳೆಯ ಹತ್ತಕ್ಕೂ ಸೇರಿಸಿ. ಇಂಟ್ರೊ ಎಲ್ಲದರಲ್ಲೂ ಒಂದೇ ಅಲ್ವಾ? ಹಾಗಾಗಿ ತಪ್ಪೂ ಎಲ್ಲದರಲ್ಲೂ ಒಂದೇ.

ಕಾರಣ ಹುಡುಕಿದಾಗ ತಿಳಿದಿದ್ದು ಇದು. ಇಂಟ್ರೊ ಮಾಡಿಕೊಟ್ಟವರು ಆ ಗಿಟಾರ್ ತುಣುಕನ್ನು ರಾಯಲ್ಟಿ ಇಲ್ಲದ ಸಂಗೀತದ ಸಂಗ್ರಹವೊಂದರಿಂದ ತೆಗೆದುಕೊಂಡಿದ್ದರು. ಅದು ತಪ್ಪಲ್ಲ, ಲೈಸೆನ್ಸ್ ಕೂಡ ಇತ್ತು. ಆದರೆ ಅದೇ ತುಣುಕನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಬೇರೊಬ್ಬರು ಅದನ್ನೇ ತಮ್ಮ ಹಾಡಿಗೆ ಹಾಕಿ, ಆ ಹಾಡನ್ನು ಕಂಟೆಂಟ್ ಐಡಿ ಅನ್ನುವ ಯೂಟ್ಯೂಬ್‌ನ ಕಾಪಿರೈಟ್ ವ್ಯವಸ್ಥೆಯಲ್ಲಿ ನೋಂದಾಯಿಸಿದ್ದರು. ಕಂಟೆಂಟ್ ಐಡಿ ಸದ್ದಿಗೆ ಸದ್ದು ಹೋಲಿಸಿ ನೋಡುತ್ತದೆ. ಹೊಸ ಹಾಡು ನೋಂದಣಿಯಾದರೆ ಹಳೆಯ ವಿಡಿಯೊಗಳನ್ನೂ ಜಾಲಾಡುತ್ತದೆ. ಯಾರು ಮೊದಲು ಬಳಸಿದರು ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಅಪ್‌ಲೋಡ್ ಮಾಡುವಾಗ ಯೂಟ್ಯೂಬ್ ಮಾಡುವ ಕಾಪಿರೈಟ್ ಪರೀಕ್ಷೆಯಲ್ಲಿ ನನ್ನ ಹತ್ತೂ ವಿಡಿಯೊ ಪಾಸಾಗಿದ್ದವು. ಆ ದಿನಗಳಲ್ಲಿ ಆ ಹಾಡು ಇನ್ನೂ ನೋಂದಣಿಯೇ ಆಗಿರಲಿಲ್ಲ.

ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಸ್ಟ್ರೈಕ್ ಅಂದರೆ ಚಾನೆಲ್ ಮೇಲೆಯೇ ಬೀಳುವ ದಂಡನೆ. ಕ್ಲೇಮ್ ಬಂದರೆ ಸಾಮಾನ್ಯವಾಗಿ ವಿಡಿಯೊ ಹೋಗುವುದಿಲ್ಲ, ಆದರೆ ಅದರ ಜಾಹೀರಾತಿನ ಹಣ ಕ್ಲೇಮ್ ಮಾಡಿದವರ ಕಡೆಗೆ ಹೋಗಬಹುದು. ನಾನು ಲೈಸೆನ್ಸ್ ವಿವರ ಬರೆದು ತಕರಾರು ಸಲ್ಲಿಸಿದೆ. ಪ್ರತಿ ವಿಡಿಯೊಗೂ ಬೇರೆ ಬೇರೆ ಸಲ್ಲಿಸಬೇಕು. ಉತ್ತರ ಕೊಡಲು ಅವರಿಗೆ 30 ದಿನ ಸಮಯ. ಕೆಲವು ಬಿಟ್ಟುಕೊಟ್ಟರು, ಕೆಲವು ತಿರಸ್ಕರಿಸಿದರು. ಆಮೇಲೆ ಅಪೀಲಿಗೆ ಹೋಗಬಹುದು, ಆದರೆ ಆ ಹಂತದಲ್ಲಿ ಅವರು ವಿಡಿಯೊ ತೆಗೆಸಲು ಅರ್ಜಿ ಹಾಕಿದರೆ, ಅದು ಒಪ್ಪಿತವಾದರೆ ಸ್ಟ್ರೈಕ್ ಬೀಳುತ್ತದೆ. ಒಂದು ಗಿಟಾರ್ ತುಣುಕಿಗೋಸ್ಕರ ಇಡೀ ಚಾನೆಲ್ಲನ್ನು ಅಪಾಯಕ್ಕೆ ಒಡ್ಡಲು ನನಗೆ ಮನಸ್ಸಾಗಲಿಲ್ಲ.

ಉಳಿದ ದಾರಿ ಸ್ಟುಡಿಯೊದ ಎಡಿಟರ್‌ನಲ್ಲೇ ಕತ್ತರಿಸುವುದು. ಇದರಲ್ಲಿ ಲಿಂಕ್ ಬದಲಾಗುವುದಿಲ್ಲ, ಕಾಮೆಂಟ್‌ಗಳು ಉಳಿಯುತ್ತವೆ. ಮೊದಲ 12 ಸೆಕೆಂಡ್ ತೆಗೆದೆ. ಆಗ ಇನ್ನೊಂದು ಕೆಲಸ ಎದ್ದಿತು. ವಿವರಣೆಯಲ್ಲಿ ನಾನು ಬರೆದ ಅಧ್ಯಾಯಗಳ ಸಮಯವೆಲ್ಲ 12 ಸೆಕೆಂಡ್ ಹಿಂದೆ ಮುಂದೆ ಆಗಿಹೋಗಿತ್ತು. 'ನಿಮ್ಮ ಪ್ರಶ್ನೆ' ಅಂತ ಒತ್ತಿದರೆ ಮೊದಲ ಪ್ರಶ್ನೆ ಆಗಲೇ ಅರ್ಧ ಮುಗಿದಿರುತ್ತಿತ್ತು. ಒಂದೊಂದನ್ನೂ ಕೈಯಾರೆ ತಿದ್ದಿದೆ. ಅದೇ ಸಂಗೀತ ಕೊನೆಯ 20 ಸೆಕೆಂಡಿನ ಔಟ್ರೊದಲ್ಲೂ ಇತ್ತು. ಅದನ್ನು ಕತ್ತರಿಸಿದರೆ, ಕೊನೆಯಲ್ಲಿ ಮುಂದಿನ ವಿಡಿಯೊ ತೋರಿಸುವ ಎಂಡ್ ಸ್ಕ್ರೀನ್ ಮತ್ತೆ ಕೂರಿಸಬೇಕು. ಹಾಗಾಗಿ ಅಲ್ಲಿ ಸದ್ದು ಮಾತ್ರ ಮ್ಯೂಟ್ ಮಾಡಿದೆ. ಇದಕ್ಕೇ ಎರಡು ಶನಿವಾರ ರಾತ್ರಿ ಹೋಯಿತು. ಆ ಎರಡು ಭಾನುವಾರ ಹೊಸ ವಿಡಿಯೊ ಹಾಕಲು ಆಗಲೇ ಇಲ್ಲ.

ಅನಿಮೇಷನ್ ಇಂಟ್ರೊಗೆ ಇನ್ನೊಂದು ಸಣ್ಣ ಕೊರತೆ: ಅದರ ಸದ್ದು ನನ್ನ ಮಾತಿಗಿಂತ ಜಾಸ್ತಿ ಇತ್ತು. ಯೂಟ್ಯೂಬ್ ಸದ್ದು ತಗ್ಗಿಸುವುದು ಇಡೀ ವಿಡಿಯೊಗೆ ಒಟ್ಟಾಗಿ, ಇಂಟ್ರೊ ಒಂದಕ್ಕೇ ಅಲ್ಲ. ಎಡಿಟ್‌ನಲ್ಲಿ ನಾವೇ ಮಾತಿನ ಮಟ್ಟಕ್ಕೆ ಇಳಿಸಬೇಕು.

ಮಧ್ಯದಲ್ಲಿ ನಾಲ್ಕು ವಾರ ಇಂಟ್ರೊ ಇಲ್ಲದೆಯೂ ಹಾಕಿ ನೋಡಿದೆ. ದುಡ್ಡಿಲ್ಲ, ಕ್ಲೇಮ್ ಇಲ್ಲ, ನೇರ ಮಾತು. ಒಂದೇ ಒಂದು ವಿಡಿಯೊ ಮಾಡುವವರಿಗೆ ಇದೇ ಸಾಕು. ಸರಣಿಗೆ ನನಗೆ ಅಡ್ಡ ಬಂದಿದ್ದು ಬೇರೆ ಕಾರಣಕ್ಕೆ. ಶುರುವಿನಲ್ಲಿ ಒಂದು ತುಣುಕು ತೋರಿಸಿ ಕುತೂಹಲ ಹುಟ್ಟಿಸುತ್ತೇನೆ. ಮೂರು ನಿಮಿಷದ ನಂತರ ಅದೇ ಶಾಟ್ ಮತ್ತೆ ಬರುತ್ತದೆ. ನಡುವೆ ಗೆರೆ ಎಳೆದಂತೆ ಏನೂ ಇಲ್ಲದಿದ್ದರೆ, ನೋಡುವವರಿಗೆ ಎಡಿಟ್ ತಪ್ಪಿದೆ ಅನಿಸುತ್ತದೆ. ನನ್ನ ಅಕ್ಕನೇ ಫೋನ್ ಮಾಡಿ 'ಒಂದೇ ತುಂಡು ಎರಡು ಸಲ ಹಾಕಿದ್ದೀಯಲ್ಲೇ' ಅಂದಳು. ಅಂದರೆ ಇಂಟ್ರೊ ಬೇಕಾಗಿರುವುದು ಹೆಸರು ತೋರಿಸಲು ಮಾತ್ರ ಅಲ್ಲ. 'ಇಲ್ಲಿಯವರೆಗೆ ಮುನ್ನೋಟ, ಇನ್ನು ಪಾಠ' ಅಂತ ತಿಳಿಸಲೂ ಬೇಕು. ಅದಕ್ಕೆ 3 ಸೆಕೆಂಡ್ ಧಾರಾಳ ಸಾಕು.

ಈಗ ಬಳಸುತ್ತಿರುವುದು ಹೀಗಿದೆ. ಟೊಮೆಟೊ ಕಂತನ್ನೇ ತೆಗೆದುಕೊಳ್ಳಿ. ಮೊದಲ ಚಿತ್ರವೇ ತಳ ಕಪ್ಪಾದ ಟೊಮೆಟೊ, ನನ್ನ ಅಂಗೈಯಲ್ಲಿ. ಮಾತು ಇಷ್ಟೇ: 'ಇದು ಹುಳ ಅಲ್ಲ, ಅಂಟುರೋಗವೂ ಅಲ್ಲ. ಔಷಧಿ ಹೊಡೆದರೆ ದುಡ್ಡು ದಂಡ. ಕಾರಣ ಈ ಚೊಂಬಿನಲ್ಲಿದೆ.' ಅಂದು ನೀರಿನ ಚೊಂಬು ತೋರಿಸುತ್ತೇನೆ. ನಮಸ್ಕಾರ, ಸ್ವಾಗತ ಯಾವುದೂ ಇಲ್ಲ. 18ನೇ ಸೆಕೆಂಡಿಗೆ ಕತ್ತರಿ ಎರಡು ಸಲ 'ಕಚಕ್ ಕಚಕ್' ಅನ್ನುತ್ತದೆ, ಕುಂಡಕ್ಕೆ ನೀರು ಬೀಳುತ್ತದೆ, ಸರಣಿಯ ಹೆಸರು ಮೂಡುತ್ತದೆ. 21ನೇ ಸೆಕೆಂಡಿಗೆ ಪಾಠ ಶುರು: ಮಣ್ಣು ಒಂದು ದಿನ ಒಣಗಿ, ಮರುದಿನ ತೊಯ್ದು ತೊಪ್ಪೆಯಾದರೆ ಕಾಯಿಗೆ ಕ್ಯಾಲ್ಸಿಯಂ ಸರಿಯಾಗಿ ತಲುಪುವುದಿಲ್ಲ, ತಳ ಕಪ್ಪಾಗುತ್ತದೆ.

ಕತ್ತರಿ ಸದ್ದು ನನ್ನದೇ. ಸ್ಟೋರ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು, ಫೋನನ್ನು ಒಂದು ಅಡಿ ದೂರ ಇಟ್ಟು ರೆಕಾರ್ಡ್ ಮಾಡಿದೆ. ಸಂಗೀತವೇ ಇಲ್ಲದ ಮೇಲೆ ಯಾರ ಹಾಡಿಗೂ ಹೋಲುವುದಿಲ್ಲ. ಖರ್ಚು ಸೊನ್ನೆ.

ವ್ಯತ್ಯಾಸವನ್ನು ನೀವೂ ಸ್ಟುಡಿಯೊದಲ್ಲಿ ನೋಡಬಹುದು. ವಿಡಿಯೊದ ಅನಾಲಿಟಿಕ್ಸ್‌ನಲ್ಲಿ ಜನ ಎಲ್ಲಿಯವರೆಗೆ ನೋಡಿದರು ಅನ್ನುವ ಗೆರೆ ಇರುತ್ತದೆ. ಮೊದಲ ಕೆಲವು ಸೆಕೆಂಡಿನಲ್ಲಿ ಎಲ್ಲರ ಗೆರೆಯೂ ಇಳಿಯುತ್ತದೆ, ಅದಕ್ಕೆ ಹೆದರಬೇಡಿ. ನೋಡಬೇಕಾಗಿರುವುದು ಇಂಟ್ರೊ ಇರುವ ಜಾಗ. ನನ್ನ ಹಳೆಯ ಕಂತುಗಳಲ್ಲಿ ಆ 12 ಸೆಕೆಂಡೂ ಗೆರೆ ಜಾರುತ್ತಲೇ ಇತ್ತು, 13ನೇ ಸೆಕೆಂಡಿಗೆ ಸಪಾಟಾಗುತ್ತಿತ್ತು. ಕೆಲವು ಕಡೆ 13ಕ್ಕೆ ಸಣ್ಣ ಉಬ್ಬು ಕಾಣುತ್ತಿತ್ತು. ಅಂದರೆ ಪ್ರತಿ ವಾರ ಬರುವವರು ಇಂಟ್ರೊ ಹಾರಿಸಿ ಅಲ್ಲಿಗೆ ಬರುತ್ತಿದ್ದರು. ಈಗ 18ನೇ ಸೆಕೆಂಡಿನಲ್ಲಿ ಅಂಥ ಜಾರು ಕಾಣುವುದಿಲ್ಲ.

ಇನ್ನು ನಡುವಿನ ಭಾಗಗಳು. ಮೊದಲು ಭಾಗ ಬದಲಾದಾಗಲೆಲ್ಲ ಇಡೀ ಪರದೆಗೆ 4 ಸೆಕೆಂಡಿನ ಹೆಸರಿನ ಕಾರ್ಡ್ ಹಾಕುತ್ತಿದ್ದೆ. ಈಗ ಮೂಲೆಯಲ್ಲಿ ಪಟ್ಟಿ ಮಾತ್ರ, ಚಿತ್ರ ನಿಲ್ಲುವುದಿಲ್ಲ, ಜೊತೆಗೆ ಅದೇ ಕತ್ತರಿ ಸದ್ದು ಒಂದು ಸಲ. ಮೂಲೆ ಪಟ್ಟಿಯೇ ಮೇಲು. ಭಾಗಗಳು ಮೂರೇ, ಹೆಸರು ಪ್ರತಿ ವಾರವೂ ಅವೇ. ವಿವರಣೆಯಲ್ಲಿ ಹೀಗೆ ಬರೆಯುತ್ತೇನೆ:

```
00:00 ಟೊಮೆಟೊ ತಳ ಕಪ್ಪಾಗುವುದು ಯಾಕೆ?
00:21 ಈ ವಾರದ ಗಿಡ
03:10 ಕೈಕೆಲಸ
06:40 ನಿಮ್ಮ ಪ್ರಶ್ನೆ
```

ಅಧ್ಯಾಯ ಕಾಣಿಸಬೇಕಾದರೆ ಮೊದಲ ಸಾಲು 00:00 ಇರಲೇಬೇಕು, ಕನಿಷ್ಠ ಮೂರು ಸಾಲು ಬೇಕು, ಪ್ರತಿ ಭಾಗವೂ 10 ಸೆಕೆಂಡಿಗೆ ಕಡಿಮೆ ಇರಬಾರದು. 3 ಸೆಕೆಂಡಿನ ಇಂಟ್ರೊಗೆ ಬೇರೆ ಸಾಲು ಕೊಡಲು ಹೋಗಬೇಡಿ, ಒಂದೂ ಅಧ್ಯಾಯ ಕಾಣುವುದಿಲ್ಲ. ಅದು ಮೊದಲ ಭಾಗದೊಳಗೇ ಇರಲಿ.

ಪ್ರಶ್ನೆಗಳನ್ನು ನಡುವೆ ಇಟ್ಟೂ ನೋಡಿದೆ, ಕೊನೆಗೆ ಇಟ್ಟೂ ನೋಡಿದೆ. ಕೊನೆಯೇ ಸರಿ. ತಮ್ಮ ಪ್ರಶ್ನೆ ಬರುತ್ತದೆ ಅಂತ ಕಾಯುವವರು ಉಳಿಯುತ್ತಾರೆ.

ಔಟ್ರೊದಲ್ಲಿ ನನ್ನ ಹಳೆಯ ಅಭ್ಯಾಸ ಬಿಡುವುದೇ ಕಷ್ಟವಾಯಿತು. 'ಇವತ್ತಿಗೆ ಇಷ್ಟು, ವಿಡಿಯೊ ಇಷ್ಟವಾದರೆ ಲೈಕ್ ಮಾಡಿ, ಶೇರ್ ಮಾಡಿ' ಅಂತ ಹೇಳಿ, 20 ಸೆಕೆಂಡಿನ ಧನ್ಯವಾದದ ಕಾರ್ಡ್ ಹಾಕುತ್ತಿದ್ದೆ. 'ಇವತ್ತಿಗೆ ಇಷ್ಟು' ಅನ್ನುವ ಜಾಗದಲ್ಲೇ ಗೆರೆ ದಬಕ್ಕನೆ ಬೀಳುತ್ತಿತ್ತು. ಮುಂದಿನ ವಿಡಿಯೊದ ಡಬ್ಬಿ ಪರದೆ ಮೇಲೆ ಬರುವಷ್ಟರಲ್ಲಿ ನೋಡಲು ಯಾರೂ ಇರುತ್ತಿರಲಿಲ್ಲ.

ಎಂಡ್ ಸ್ಕ್ರೀನ್ ಕೊನೆಯ 5ರಿಂದ 20 ಸೆಕೆಂಡಿನೊಳಗೆ ಎಷ್ಟು ಬೇಕಾದರೂ ಇಡಬಹುದು. ನಾನು 12 ಇಟ್ಟಿದ್ದೇನೆ. ಕೊನೆಯ ಪ್ರಶ್ನೆಗೆ ಉತ್ತರ ಹೇಳುತ್ತಿರುವಾಗಲೇ ಅದು ಶುರುವಾಗುತ್ತದೆ. ಶೂಟ್ ಮಾಡುವಾಗಲೇ ಕೊನೆಯ ಪ್ರಶ್ನೆಗೆ ಎಡಕ್ಕೆ ಸರಿದು ನಿಲ್ಲುತ್ತೇನೆ, ಬಲ ಅರ್ಧ ಖಾಲಿ ಗೋಡೆ. ಅಲ್ಲಿ ಒಂದೇ ವಿಡಿಯೊ ಡಬ್ಬಿ, ಅದರ ಕೆಳಗೆ ಸಬ್‌ಸ್ಕ್ರೈಬ್ ಗುಂಡಿ. ನಾಲ್ಕು ಇಡಲು ಅವಕಾಶ ಇದೆ, ಫೋನಿನ ಪರದೆಯಲ್ಲಿ ಕಿಕ್ಕಿರಿಯುತ್ತದೆ. ಮಾತು ಆ ಡಬ್ಬಿಯನ್ನೇ ತೋರಿಸಬೇಕು: 'ಎಷ್ಟು ನೀರು ಅಂತ ಬೆರಳಿಟ್ಟು ನೋಡುವುದು ಹೇಗೆ, ಇಲ್ಲಿದೆ ನೋಡಿ.' ಅಲ್ಲಿಗೆ ವಿಡಿಯೊ ಮುಗಿಯುತ್ತದೆ. ಹಿಂದಿನ ವಾರದ ಎಂಡ್ ಸ್ಕ್ರೀನನ್ನು ಸ್ಟುಡಿಯೊದಲ್ಲಿ ಹಾಗೇ ತಂದುಕೊಳ್ಳಬಹುದು, ಡಬ್ಬಿಯೊಳಗಿನ ವಿಡಿಯೊ ಮಾತ್ರ ಬದಲಿಸಿದರೆ ಆಯಿತು.

ವಾರಕ್ಕೆ ಒಂದೇ ರಾತ್ರಿ ಎಡಿಟ್ ಮಾಡುವವರಿಗೆ, ಕೈಯಲ್ಲಿ ಜಾಸ್ತಿ ದುಡ್ಡಿಲ್ಲದವರಿಗೆ ನಾನು ಇದನ್ನೇ ಹೇಳುತ್ತೇನೆ. ಹತ್ತು ವರ್ಷದ ಮಕ್ಕಳಿಗೆ ಕತೆ ಹೇಳುವ ಸರಣಿಯಾದರೆ ಹಾಡಿನ ಇಂಟ್ರೊಗೆ ಬೇರೆಯೇ ಬೆಲೆ ಇದೆ. ಮಕ್ಕಳು ಅದನ್ನು ಕಾದು ಕೂತು ಹಾಡುತ್ತಾರೆ. ಹಾಗಿದ್ದರೆ ರಾಗವನ್ನು ಪರಿಚಯದವರಿಂದ ಹೊಸದಾಗಿ ನುಡಿಸಿ, ಹಕ್ಕು ನಿಮಗೆ ಅಂತ ಬರೆಸಿಕೊಳ್ಳಿ. ಈಗಾಗಲೇ ಅನಿಮೇಷನ್ ಮಾಡಿಸಿಟ್ಟವರು ಅದನ್ನು ಎಸೆಯಬೇಕಾಗಿಲ್ಲ. ನಾನೂ ಎಸೆದಿಲ್ಲ. ಹೆಸರು ಮೂಡುವ ಕೊನೆಯ ಎರಡೂವರೆ ಸೆಕೆಂಡ್ ಮಾತ್ರ ಕತ್ತರಿಸಿ, ಗಿಟಾರ್ ತೆಗೆದು, ಅದರ ಮೇಲೆ ಕತ್ತರಿ ಸದ್ದು ಕೂರಿಸಿದ್ದೇನೆ.