ಜರ್ಮನಿಯಲ್ಲಿ ಬಾಡಿಗೆ ಕರಾರು: ನೇಬೆನ್‌ಕೋಸ್ಟೆನ್ ಮುಂದಿನ ಪದವನ್ನು ಓದದೆ ಸಹಿ ಹಾಕಬೇಡಿ

2022ರ ಜನವರಿಯಲ್ಲಿ ನಾನು ಸ್ಟುಟ್‌ಗಾರ್ಟ್‌ನಲ್ಲಿ ಒಂದು ಕೋಣೆಯ ಮನೆ ಹಿಡಿದೆ. ಕರಾರಿನಲ್ಲಿ ಕಾಲ್ಟ್‌ಮೀಟೆ 620 ಯೂರೊ, ನೇಬೆನ್‌ಕೋಸ್ಟೆನ್ 110 ಯೂರೊ, ಒಟ್ಟು 730 ಯೂರೊ ಎಂದಿತ್ತು. ಕಾಲ್ಟ್‌ಮೀಟೆ ಎಂದರೆ ಬರಿಯ ಮನೆಯ ಬಾಡಿಗೆ. ನೇಬೆನ್‌ಕೋಸ್ಟೆನ್ ಎಂದರೆ ಚಳಿಗಾಲದ ಹೀಟಿಂಗ್, ನೀರು, ಕಸ ವಿಲೇವಾರಿ ಮುಂತಾದವುಗಳ ಖರ್ಚು ಎಂಬಷ್ಟು ನನಗೆ ತಿಳಿದಿತ್ತು. ತಿಂಗಳಿಗೆ 730 ಕೊಟ್ಟರೆ ಲೆಕ್ಕ ಚುಕ್ತಾ ಎಂದುಕೊಂಡೆ.

ಆದರೆ 110ರ ಪಕ್ಕದಲ್ಲೇ ‘ಫೋರೌಸ್‌ತ್ಸಾಲುಂಗ್’ ಎಂಬ ಪದವಿತ್ತು. ಅದರ ಅರ್ಥ ಮುಂಗಡ. ಅಲ್ಲಿ ‘ಪೌಷಾಲೆ’ ಎಂದಿದ್ದರೆ ಅದು ನಿಗದಿತ ಮೊತ್ತವಾಗುತ್ತಿತ್ತು, ವರ್ಷದ ಕೊನೆಗೆ ಲೆಕ್ಕ ಹಾಕುವ ಪ್ರಶ್ನೆ ಬರುತ್ತಿರಲಿಲ್ಲ. ಮುಂಗಡವಾದರೆ ಮಾಲೀಕರು ನಿಜವಾದ ಖರ್ಚನ್ನು ಲೆಕ್ಕ ಹಾಕಿ, ಕಡಿಮೆ ಬಿದ್ದ ಹಣವನ್ನು ಕೇಳುತ್ತಾರೆ, ಹೆಚ್ಚಾಗಿದ್ದರೆ ಹಿಂದಿರುಗಿಸಬೇಕು. 2023ರ ನವೆಂಬರಿನಲ್ಲಿ ನನಗೆ ಆ ಪತ್ರ ಬಂತು: 2022ರ ಖರ್ಚು 2,064 ಯೂರೊ, ನಾನು ಕೊಟ್ಟದ್ದು 1,320, ಇನ್ನು ಕೊಡಬೇಕಾದದ್ದು 744. ಇಂಧನದ ಬೆಲೆ ಏರಿದ ಆ ವರ್ಷ ಹೀಟಿಂಗ್ ಸಾಲೇ ಅತಿ ದೊಡ್ಡದಾಗಿತ್ತು.

ಗಾಬರಿಯಲ್ಲಿ ಹಣ ಕಳಿಸುವವನಿದ್ದೆ. ಹಳೆಯ ಸಹೋದ್ಯೋಗಿಯೊಬ್ಬರು ಒಂದೊಂದು ಸಾಲನ್ನೂ ಓದಲು ಹೇಳಿದ ಮೇಲೆ, ‘ಫೆರ್ವಾಲ್ಟುಂಗ್ಸ್‌ಕೋಸ್ಟೆನ್’, ಅಂದರೆ ಕಟ್ಟಡದ ಆಡಳಿತ ವೆಚ್ಚವೆಂದು 96 ಯೂರೊ ಸೇರಿಸಿದ್ದು ಕಣ್ಣಿಗೆ ಬಿತ್ತು. ಆಡಳಿತ ವೆಚ್ಚವನ್ನಾಗಲಿ ರಿಪೇರಿಯನ್ನಾಗಲಿ ವಾಸದ ಮನೆಯ ಬಾಡಿಗೆದಾರರ ನೇಬೆನ್‌ಕೋಸ್ಟೆನ್‌ನಲ್ಲಿ ಸೇರಿಸುವಂತಿಲ್ಲ. ಪತ್ರ ಬರೆದು ಆಕ್ಷೇಪಿಸಿದ ಮೇಲೆ ಆ ಮೊತ್ತವನ್ನು ತೆಗೆದರು. ಉಳಿದ 648 ಯೂರೊ ನಾನು ಕಟ್ಟಲೇಬೇಕಾಯಿತು. ಲೆಕ್ಕದ ಅವಧಿ ಮುಗಿದು 12 ತಿಂಗಳೊಳಗೆ ಈ ಪತ್ರ ನಿಮ್ಮ ಕೈಸೇರಬೇಕು. ತಡವಾದರೆ, ವಿಳಂಬ ಮಾಲೀಕರ ತಪ್ಪಲ್ಲದ ಸಂದರ್ಭವನ್ನು ಬಿಟ್ಟು, ಬಾಕಿ ಕೇಳುವ ಹಕ್ಕು ಅವರಿಗಿರುವುದಿಲ್ಲ.

ಠೇವಣಿಯಲ್ಲೂ ನಾನು ಮೋಸಹೋದೆ. ಮಾಲೀಕರು 730ರ ಮೂರು ಪಟ್ಟು, ಅಂದರೆ 2,190 ಕೇಳಿದರು, ಕೊಟ್ಟೆ. ಕಾನೂನಿನ ಮಿತಿ ಕಾಲ್ಟ್‌ಮೀಟೆಯ ಮೂರು ಪಟ್ಟು ಮಾತ್ರ, ಅಂದರೆ 1,860. ಅದನ್ನೂ ಮೂರು ಮಾಸಿಕ ಕಂತುಗಳಲ್ಲಿ ಕೊಡಬಹುದು.

ಇನ್ನು ಆನ್‌ಮೆಲ್ಡುಂಗ್, ಅಂದರೆ ನಗರದ ಕಚೇರಿಯಲ್ಲಿ ವಿಳಾಸದ ನೋಂದಣಿ. ಮನೆಗೆ ಬಂದ ಎರಡು ವಾರದೊಳಗೆ ಇದು ಆಗಬೇಕು. ಬಾಡಿಗೆ ಕರಾರು ಸಾಕೆಂದು ಹೋದ ನನ್ನನ್ನು ಕೌಂಟರಿನಿಂದ ವಾಪಸು ಕಳಿಸಿದರು. ಅವರಿಗೆ ಬೇಕಾದದ್ದು ಮಾಲೀಕರು ಸಹಿ ಮಾಡಿದ ‘ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್’ ಎಂಬ ಒಂದು ಪುಟದ ಪತ್ರ. ಅದನ್ನು ಕೊಡುವುದು ಮಾಲೀಕರ ಕರ್ತವ್ಯವಾದರೂ ನನಗೆ ಸಿಗಲು ಐದು ವಾರ ಹಿಡಿಯಿತು, ತೆರಿಗೆ ಸಂಖ್ಯೆಯ ಪತ್ರ ಅದಕ್ಕೂ ತಡವಾಗಿ ಬಂತು. ‘ಆನ್‌ಮೆಲ್ಡುಂಗ್ ಸಾಧ್ಯವಿಲ್ಲ’ ಎನ್ನುವ ಮನೆ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡಿ. ಒಪ್ಪಿದ ಮನೆಯಾದರೆ ಸಹಿಗೆ ಮುನ್ನವೇ ಹಿಂದಿನ ವರ್ಷದ ನೇಬೆನ್‌ಕೋಸ್ಟೆನ್ ಲೆಕ್ಕದ ಪ್ರತಿಯನ್ನು ಕೇಳಿ ನೋಡಿ, ಬೀಗದ ಕೈಯ ಜೊತೆಗೇ ಆ ಒಂದು ಪುಟವನ್ನೂ ಪಡೆದುಕೊಳ್ಳಿ.