ಆರು ಮಳೆಗಾಲದ ಇ-ವೋಟಿಂಗ್: ನಲವತ್ತು ಷೇರಿನ ಒಬ್ಬ ಮಾಷ್ಟ್ರ ವಿಮರ್ಶೆ

ಕಾಸರಗೋಡಿನ ಒಳನಾಡಿನ ಕನ್ನಡ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತನಾದ ನನ್ನ ಬಳಿ ಒಂಬತ್ತು ಕಂಪೆನಿಗಳ ಷೇರುಗಳಿವೆ. ಯಾವುದರಲ್ಲಿಯೂ ಇನ್ನೂರಕ್ಕಿಂತ ಹೆಚ್ಚಿಲ್ಲ, ಒಂದರಲ್ಲಂತೂ ನಲವತ್ತೇ ಇವೆ. 2019ರವರೆಗೆ ನಾನು ಮತ ಹಾಕುತ್ತಿದ್ದದ್ದು ಒಂದೇ ಕಂಪೆನಿಯ ವಾರ್ಷಿಕ ಮಹಾಸಭೆಯಲ್ಲಿ. ಬೆಳಗ್ಗಿನ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ, ಹಾಜರಿ ಚೀಟಿ ಕೊಟ್ಟು, ಮತಪತ್ರ ತುಂಬಿ, ಸಭೆ ಮುಗಿದ ಮೇಲೆ ಕೊಡುವ ತಿಂಡಿಯ ಪೊಟ್ಟಣವನ್ನು ಮನೆಯಾಕೆಗಾಗಿ ಬಿಚ್ಚದೆ ಹಿಡಿದುಕೊಂಡು ಸಂಜೆಗೆ ಮರಳುತ್ತಿದ್ದೆ. 2020ರಲ್ಲಿ ಸಭೆಗಳು ವೀಡಿಯೊಗೆ ಬಂದವು. ಪೊಟ್ಟಣ ತಪ್ಪಿತು, ಆದರೆ ಒಂಬತ್ತೂ ಕಂಪೆನಿಗಳಿಗೆ ಮನೆಯಿಂದಲೇ ಮತ ಹಾಕುವ ಅಭ್ಯಾಸ ಶುರುವಾಯಿತು. ಆ ಇ-ವೋಟಿಂಗ್ ಸೇವೆಯನ್ನು ಆರು ಮಳೆಗಾಲ ಬಳಸಿದ ಮೇಲಿನ ಅಭಿಪ್ರಾಯ ಇದು.

ಮೊದಲು ಸಂತೋಷದ ವಿಷಯ. ಆರಂಭದಲ್ಲಿ ಒಂದೊಂದು ಕಂಪೆನಿ ಒಂದೊಂದು ಸಂಸ್ಥೆಯ ಮೂಲಕ ಮತದಾನ ನಡೆಸುತ್ತಿತ್ತು. ಪ್ರತಿಯೊಂದಕ್ಕೂ ಬೇರೆ ಹೆಸರು, ಬೇರೆ ಗುಪ್ತಪದ ಬೇಕಾಗುತ್ತಿತ್ತು, ನನ್ನ ಹಳೆಯ ಹಾಜರಿ ಪುಸ್ತಕದ ಕೊನೆಯ ಎರಡು ಪುಟಗಳು ಇದರಲ್ಲಿಯೇ ತುಂಬಿದ್ದವು. 2020ರ ಡಿಸೆಂಬರಿನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಹೊರಡಿಸಿದ ಸುತ್ತೋಲೆಯ ನಂತರ, ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಡಿಮ್ಯಾಟ್ ಖಾತೆಯುಳ್ಳ ವ್ಯಕ್ತಿಗಳು ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಪೈಕಿ ತಮ್ಮ ಖಾತೆ ನೋಡಿಕೊಳ್ಳುವ ಡಿಪಾಸಿಟರಿ ಸಂಸ್ಥೆಯ ಲಾಗಿನ್ ಒಂದರಿಂದಲೇ, ಮತದಾನ ಯಾರ ತಾಣದಲ್ಲಿ ನಡೆಯುತ್ತಿದ್ದರೂ, ಅಲ್ಲಿಗೆ ಹೋಗಬಹುದಾಯಿತು. ಖರ್ಚು ಒಂದು ಪೈಸೆಯೂ ಇಲ್ಲ.

ಆಗಸ್ಟ್ ಮತ್ತು ಸೆಪ್ಟೆಂಬರ್ ನನ್ನ ಪಾಲಿಗೆ ಓಟಿನ ತಿಂಗಳುಗಳು, ಏಕೆಂದರೆ ಮಾರ್ಚಿಗೆ ವರ್ಷ ಮುಗಿಯುವ ಕಂಪೆನಿಗಳು ಸಾಮಾನ್ಯವಾಗಿ ಸೆಪ್ಟೆಂಬರ್ 30ರೊಳಗೆ ಸಭೆ ಕರೆಯಬೇಕು. ಊಟವಾದ ಮೇಲೆ ಚಾವಡಿಯಲ್ಲಿ ಕುಳಿತು ನೋಟಿಸನ್ನು ಹಿಂದಿನಿಂದ ಮುಂದಕ್ಕೆ ಓದುತ್ತೇನೆ. ಮೊದಲ ಪುಟಗಳಲ್ಲಿರುವ ನಿರ್ಣಯದ ಭಾಷೆ ವಕೀಲರಿಗಾಗಿ ಬರೆದದ್ದು, ವಿಷಯ ಇರುವುದು ಕೊನೆಯ ವಿವರಣಾ ಹೇಳಿಕೆಯಲ್ಲಿ ಮತ್ತು ನಿರ್ದೇಶಕರ ಪರಿಚಯದ ಅನುಬಂಧದಲ್ಲಿ. ನಮಗೆ ಕೇಳುವುದೇನು ಎಂಬುದು ಹೆಚ್ಚು ಕಡಿಮೆ ಪ್ರತಿವರ್ಷ ಒಂದೇ: ಲೆಕ್ಕಪತ್ರ ಒಪ್ಪುವುದು, ಡಿವಿಡೆಂಡ್ ಘೋಷಿಸುವುದು, ಸರದಿಯಂತೆ ನಿವೃತ್ತರಾಗುವ ನಿರ್ದೇಶಕರನ್ನು ಮರಳಿ ನೇಮಿಸುವುದು, ಅವಧಿ ಮುಗಿದಿದ್ದರೆ ಲೆಕ್ಕ ಪರಿಶೋಧಕರನ್ನು ನೇಮಿಸುವುದು. ಡಿವಿಡೆಂಡ್ ವಿಷಯದಲ್ಲಿ ನನಗೂ ಬಹುಕಾಲ ಭ್ರಮೆಯಿತ್ತು. ಆಡಳಿತ ಮಂಡಳಿ ಶಿಫಾರಸು ಮಾಡಿದ ಮೊತ್ತವನ್ನು ಷೇರುದಾರರು ಒಪ್ಪಬಹುದು, ಕಡಿಮೆ ಮಾಡಬಹುದು, ಆದರೆ ಹೆಚ್ಚಿಸುವಂತಿಲ್ಲ. ಆದುದರಿಂದ ಡಿವಿಡೆಂಡಿಗೆ ಸಿಟ್ಟಿನಿಂದ ‘ಇಲ್ಲ’ ಎಂದು ಒತ್ತುವವರು ತಮ್ಮ ಪಾಲನ್ನೇ ಬೇಡವೆಂದಂತೆ.

ಇನ್ನು ಕೆಲವು ವಿಶೇಷ ನಿರ್ಣಯಗಳು. ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪೆನಿಯು ತನ್ನ ಒಡೆತನದೊಡನೆ ನಂಟಿಲ್ಲದ ಸ್ವತಂತ್ರ ನಿರ್ದೇಶಕರನ್ನು ನೇಮಿಸುವುದು ಅಥವಾ ಎರಡನೆಯ ಅವಧಿಗೆ ಮುಂದುವರಿಸುವುದು ಈ ಗುಂಪಿನದು. ಸಾಮಾನ್ಯ ನಿರ್ಣಯಕ್ಕೆ ಪರವಾದ ಮತ ವಿರೋಧಕ್ಕಿಂತ ಹೆಚ್ಚಿದ್ದರೆ ಸಾಕು. ವಿಶೇಷ ನಿರ್ಣಯಕ್ಕೆ ಅದು ವಿರೋಧದ ಕನಿಷ್ಠ ಮೂರು ಪಟ್ಟು ಇರಬೇಕು. ನನ್ನ ಬೇಸರ ಹುಟ್ಟಿದ್ದು ಇಂಥದೊಂದು ನಿರ್ಣಯದಿಂದಲೇ.

ಸಭೆ ಗುರುವಾರ ಇತ್ತು. ಕಟ್-ಆಫ್ ದಿನದಂದು ಷೇರು ಇದ್ದವರಿಗೆ ಮಾತ್ರ ಮತವಿರುತ್ತದೆ, ಆ ದಿನ ಸಭೆಗೆ ಏಳು ದಿನಕ್ಕಿಂತ ಹಿಂದಿನದಾಗಿರಬಾರದು. ಡಿವಿಡೆಂಡ್ ಯಾರಿಗೆ ಎಂದು ಗೊತ್ತುಮಾಡುವ ರೆಕಾರ್ಡ್ ದಿನಾಂಕ ಬೇರೆಯೇ ಇರಬಹುದು, ಹೊಸಬರು ಎರಡನ್ನೂ ಒಂದೆಂದು ತಿಳಿದು ಮೋಸಹೋಗುತ್ತಾರೆ. ಮತದಾನದ ಕಿಟಕಿ ಕನಿಷ್ಠ ಮೂರು ದಿನ ತೆರೆದಿರಬೇಕು ಮತ್ತು ಸಭೆಯ ಹಿಂದಿನ ದಿನ ಸಂಜೆ ಐದಕ್ಕೆ ಮುಚ್ಚಬೇಕು. ಬುಧವಾರ ಸಂಜೆ ನಾಲ್ಕೂವರೆಗೆ ಮಳೆ ಕಪ್ಪುಗಟ್ಟಿ ಬರುತ್ತಿತ್ತು, ಕರೆಂಟು ಹೋಗುವ ಮೊದಲು ಮುಗಿಸೋಣವೆಂದು ಲಾಗಿನ್ ಆದೆ. ಒಟಿಪಿ ಬಂತು, ಕಂಪೆನಿಯ ಹೆಸರು ತೆರೆಯಿತು, ಆರು ನಿರ್ಣಯಗಳ ಎದುರು `Assent` ಮತ್ತು `Dissent` ಎಂಬ ಎರಡು ಆಯ್ಕೆ. ಆರಕ್ಕೂ ಒಪ್ಪಿಗೆ ಕೊಟ್ಟು `Submit` ಒತ್ತಿದೆ, ಅದು ಕೇಳಿದಾಗ `Confirm` ಎಂದೆ. ಮತ ದಾಖಲಾಯಿತೆಂಬ ಸಂದೇಶ ಬಂತು.

ಆ ರಾತ್ರಿ ಅನುಬಂಧ ಓದಿದೆ, ಓದಬೇಕಾದ ಕ್ರಮ ತಲೆಕೆಳಗಾಗಿತ್ತು. ಎರಡನೆಯ ಅವಧಿಗೆ ಮುಂದುವರಿಸಲು ಕೇಳುತ್ತಿದ್ದ ಸ್ವತಂತ್ರ ನಿರ್ದೇಶಕರು ಆ ವರ್ಷ ನಡೆದ ಆರು ಮಂಡಳಿ ಸಭೆಗಳಲ್ಲಿ ಎರಡಕ್ಕೆ ಮಾತ್ರ ಹಾಜರಾಗಿದ್ದರು. ಶಾಲೆಯಲ್ಲಿ ಆರಕ್ಕೆ ಎರಡು ಹಾಜರಿ ಇರುವ ಮಗುವನ್ನು ನಾನು ಮೇಲಿನ ತರಗತಿಗೆ ಕಳಿಸುತ್ತಿರಲಿಲ್ಲ. ಮರುದಿನ ವೀಡಿಯೊ ಸಭೆಯಲ್ಲಿ ಷೇರುದಾರರೊಬ್ಬರು ಇದನ್ನೇ ಕೇಳಿದಾಗ ಸಿಕ್ಕಿದ ಉತ್ತರ, ‘ಅವರ ಮಾರ್ಗದರ್ಶನ ಅಮೂಲ್ಯವಾದುದು’ ಎಂಬ ಒಂದೇ ವಾಕ್ಯ. ನನ್ನ ಮತ ತಿದ್ದಲು ದಾರಿಯಿರಲಿಲ್ಲ. ಒಮ್ಮೆ ದೃಢಪಡಿಸಿದ ಮತ ಬದಲಾಗದು, ಮುಂಗಡ ಮತ ಹಾಕಿದವರು ಸಭೆಗೆ ಬರಬಹುದು, ಆದರೆ ಅಲ್ಲಿ ಮತ್ತೆ ಮತ ಹಾಕುವಂತಿಲ್ಲ.

ಈ ಸೇವೆಯ ದೊಡ್ಡ ದೋಷ ಇದೇ ಎಂದು ನನ್ನ ಅಭಿಪ್ರಾಯ: ಪ್ರಶ್ನೆ ಕೇಳುವುದು ಗುರುವಾರ, ಉತ್ತರ ಪತ್ರಿಕೆ ಕಟ್ಟಿ ಒಯ್ಯುವುದು ಬುಧವಾರ. ಮುಂಗಡ ಮತ ಹಾಕದೆ ಕಾದರೆ ಸಭೆ ನಡೆಯುವಾಗಲೇ ಮತ ಹಾಕುವ ಅವಕಾಶ ಕಾನೂನಿನಲ್ಲಿದೆ ಎಂಬುದು ನಿಜ. ಮಾರನೆಯ ವರ್ಷ ಹಾಗೆಯೇ ಕಾದೆ. ಅಧ್ಯಕ್ಷರ ಭಾಷಣದ ನಡುವೆ ಕರೆಂಟು ಹೋಯಿತು, ಅದರ ಬೆನ್ನಿಗೆ ಮೊಬೈಲಿನ ಸಿಗ್ನಲ್ಲೂ ಹೋಯಿತು. ಎರಡೂ ಮರಳುವಷ್ಟರಲ್ಲಿ ಮತದಾನ ಮುಚ್ಚಿತ್ತು. ಪಟ್ಟಣದಲ್ಲಿ ಕುಳಿತವರಿಗೆ ‘ಸಭೆಯಲ್ಲಿ ಹಾಕಿ’ ಎಂಬ ಸಲಹೆ ಸುಲಭ, ತೋಟದ ನಡುವಿನ ಮನೆಯವರಿಗೆ ಆಗಸ್ಟಿನಲ್ಲಿ ಅಲ್ಲ. ಈಗ ಮುಂಗಡವಾಗಿಯೇ ಹಾಕುತ್ತೇನೆ, ಆದರೆ ಅನುಬಂಧ ಓದದೆ ಲಾಗಿನ್ ಆಗುವುದಿಲ್ಲ, ಕೊನೆಯ ಸಂಜೆಯವರೆಗೆ ಕಾಯುವುದೂ ಇಲ್ಲ.

ಇಷ್ಟಾದ ಮೇಲೆ ನಲವತ್ತು ಮತ ಹಾಕುವುದೇ ವ್ಯರ್ಥವಲ್ಲವೇ ಎಂದು ಎರಡು ವರ್ಷ ಉದಾಸೀನನಾಗಿಯೂ ಇದ್ದೆ. ಕಂಪೆನಿಯನ್ನು ಹಿಡಿತದಲ್ಲಿಟ್ಟುಕೊಂಡ ಪ್ರವರ್ತಕರ ಬಳಿಯೇ ಅರ್ಧಕ್ಕಿಂತ ಹೆಚ್ಚು ಷೇರಿದ್ದರೆ ಸಾಮಾನ್ಯ ನಿರ್ಣಯದ ಮಟ್ಟಿಗೆ ಅದು ವ್ಯರ್ಥವೇ ಹೌದು. ಮನಸ್ಸು ಬದಲಾದದ್ದು ನೆರೆಮನೆಯ ಅಡಿಕೆ ಕೃಷಿಕರ ಒಂದು ಮಾತಿನಿಂದ. ಅವರ ಬಳಿ ಅದೇ ಕಂಪೆನಿಯ ಇಪ್ಪತ್ತೈದು ಷೇರುಗಳಿವೆ. ‘ನಾನು ಓಟು ಹಾಕದಿದ್ದರೆ ಅದು ವಿರೋಧವೆಂದೇ ಲೆಕ್ಕವಲ್ಲವೋ ಮಾಷ್ಟ್ರೇ?’ ಎಂದರು. ಅಲ್ಲವೆಂದು ತೋರಿಸಲು ಅಡಿಕೆ ಚೀಲದ ರಶೀದಿಯ ಹಿಂಬದಿಯಲ್ಲಿ ಲೆಕ್ಕ ಮಾಡಿದೆ.

ಕಂಪೆನಿಯಲ್ಲಿ ಹತ್ತು ಕೋಟಿ ಷೇರುಗಳು, ಪ್ರವರ್ತಕರದ್ದು ಆರು ಕೋಟಿ, ಉಳಿದವರದ್ದು ನಾಲ್ಕು ಕೋಟಿ ಎಂದಿಟ್ಟುಕೊಳ್ಳಿ. ವಿಶೇಷ ನಿರ್ಣಯ ಬಂದಿದೆ, ಪ್ರವರ್ತಕರ ಮತವೆಲ್ಲ ಪರವಾಗಿ ಬಿತ್ತು. ಉಳಿದವರಲ್ಲಿ ಅರ್ಧ, ಅಂದರೆ ಎರಡು ಕೋಟಿ ಷೇರಿನವರು ಮತ ಹಾಕಿದರು, ಅಷ್ಟೂ ವಿರುದ್ಧ. ಆರು ಎಂಬುದು ಎರಡರ ಮೂರು ಪಟ್ಟು, ಆದ್ದರಿಂದ ಹೊರಗಿನವರಲ್ಲಿ ಒಬ್ಬರೂ ಒಪ್ಪದಿದ್ದರೂ ನಿರ್ಣಯ ಗೆದ್ದಿತು. ವಿರೋಧಕ್ಕೆ ಇನ್ನೊಂದೇ ಒಂದು ಮತ ಬಿದ್ದಿದ್ದರೆ ಅದು ಬೀಳುತ್ತಿತ್ತು. ಎಣಿಸುವುದು ಬಿದ್ದ ಮತಗಳನ್ನು ಮಾತ್ರ, ಮನೆಯಲ್ಲಿ ಕುಳಿತವರ ಎರಡು ಕೋಟಿ ಎಣಿಕೆಗೇ ಬರುವುದಿಲ್ಲ. ಕೃಷಿಕರು ರಶೀದಿಯನ್ನು ತಿರುಗಿಸಿ ತಿರುಗಿಸಿ ನೋಡಿ, ‘ಹಾಗಾದರೆ ಸುಮ್ಮನೆ ಕೂತದ್ದು ಅವರಿಗೇ ಸಹಾಯವಾಯಿತು’ ಎಂದರು.

ಇಂಥ ನಿರ್ಣಯಗಳು ಬಿದ್ದದ್ದೂ ಉಂಟು. 2021ರ ಆಗಸ್ಟಿನಲ್ಲಿ ಐಷರ್ ಮೋಟಾರ್ಸ್‌ನ ಮಹಾಸಭೆಯಲ್ಲಿ ಸಿದ್ಧಾರ್ಥ ಲಾಲ್ ಅವರನ್ನು ವ್ಯವಸ್ಥಾಪಕ ನಿರ್ದೇಶಕರಾಗಿ ಮರುನೇಮಿಸುವ ವಿಶೇಷ ನಿರ್ಣಯಕ್ಕೆ ಸುಮಾರು ಶೇ. 73 ಮತಗಳು ಬಂದವು, 75 ಬೇಕಿದ್ದುದರಿಂದ ಅದು ಸೋತಿತು. ಸೋಲಿಸಿದ್ದು ಮುಖ್ಯವಾಗಿ ದೊಡ್ಡ ಹೂಡಿಕೆ ಸಂಸ್ಥೆಗಳೇ ಹೊರತು ನಮ್ಮಂಥವರಲ್ಲ ಎಂಬುದನ್ನೂ ಹೇಳಬೇಕು. ಆದರೆ ಅಂತರ ಎರಡು ಪ್ರತಿಶತದಷ್ಟು ಸಣ್ಣದಾಗಬಲ್ಲದು ಎಂಬುದು ನನಗೆ ತಿಳಿದದ್ದು ಆಗಲೇ. ಇನ್ನೊಂದು ಕಡೆಯೂ ನಮ್ಮ ಮತಕ್ಕೆ ತೂಕ ಬರುತ್ತದೆ. ಕಂಪೆನಿಯು ಪ್ರವರ್ತಕರ ಮತ್ತೊಂದು ಸಂಸ್ಥೆಯೊಡನೆ ದೊಡ್ಡ ಮೊತ್ತದ ವ್ಯವಹಾರ ಮಾಡಲು ಅನುಮತಿ ಕೇಳಿದಾಗ, ಸಂಬಂಧಪಟ್ಟ ಪಕ್ಷದವರು ಅದನ್ನು ಒಪ್ಪಿಸಲು ಮತ ಹಾಕುವಂತಿಲ್ಲ. ಪ್ರವರ್ತಕರ ಆರು ಕೋಟಿ ಅಲ್ಲಿ ಪಕ್ಕಕ್ಕೆ ಸರಿಯುತ್ತದೆ, ನಿರ್ಧಾರ ಉಳಿದ ನಾಲ್ಕು ಕೋಟಿಯೊಳಗೆ ಆಗುತ್ತದೆ. ನೋಟಿಸಿನಲ್ಲಿ ಇಂಥ ನಿರ್ಣಯ ಕಂಡರೆ ಮೊತ್ತ ಎಷ್ಟು, ಎಷ್ಟು ವರ್ಷಕ್ಕೆ, ದರ ನಿಗದಿ ಹೇಗೆ ಎಂಬ ಮೂರನ್ನು ನಾನು ಪೆನ್ಸಿಲಿನಿಂದ ಗುರುತು ಹಾಕುತ್ತೇನೆ. ಮೂರರಲ್ಲಿ ಒಂದು ಇಲ್ಲದಿದ್ದರೂ ವಿರೋಧ.

ಸಭೆ ಮುಗಿದು ಎರಡು ಕೆಲಸದ ದಿನಗಳೊಳಗೆ ಫಲಿತಾಂಶ ಷೇರು ವಿನಿಮಯ ಕೇಂದ್ರದ ತಾಣಕ್ಕೆ ಬರಬೇಕು. ಅದನ್ನು ತೆರೆಯುವುದೇ ಈಗ ನನಗೆ ಹಳೆಯ ತಿಂಡಿ ಪೊಟ್ಟಣದ ಬದಲಿಗೆ ಸಿಗುವ ಸುಖ. ಪ್ರತಿ ನಿರ್ಣಯಕ್ಕೂ ಮೂರು ಸಾಲುಗಳು: ಪ್ರವರ್ತಕರು, ಹೊರಗಿನ ಹೂಡಿಕೆ ಸಂಸ್ಥೆಗಳು, ಸಂಸ್ಥೆಗಳಲ್ಲದ ಸಾರ್ವಜನಿಕರು. ಮೂರನೆಯ ಸಾಲು ನಮ್ಮದು. ಅದರಲ್ಲಿ ಇದ್ದ ಷೇರೆಷ್ಟು, ಬಿದ್ದ ಮತವೆಷ್ಟು ಎಂಬುದು ಅಕ್ಕಪಕ್ಕದಲ್ಲಿರುತ್ತದೆ, ಹಾಜರಿ ಪುಸ್ತಕದಂತೆ. ನನ್ನ ಒಂಬತ್ತು ಕಂಪೆನಿಗಳಲ್ಲಿ ಏಳರ ಆ ಸಾಲು ಕಳೆದ ವರ್ಷ ಓದಲು ನಾಚಿಕೆಯಾಗುವಷ್ಟು ತೆಳುವಾಗಿತ್ತು.

ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಕತ್ತರಿಸಿದ ಎರಡು ಅಂಕ ಬುಧವಾರದ ಐದು ಗಂಟೆಯ ಲೆಕ್ಕಕ್ಕೆ. ನೆರೆಮನೆಯವರ ಡಿಮ್ಯಾಟ್ ಖಾತೆಯಲ್ಲಿ ಇನ್ನೂ ಅವರ ಮಗನ ಹಳೆಯ ಸಿಮ್ಮಿನ ಸಂಖ್ಯೆಯೇ ಇದ್ದುದರಿಂದ ಕಳೆದ ವರ್ಷ ಒಟಿಪಿ ಬರಲಿಲ್ಲ, ಇಪ್ಪತ್ತೈದು ಮತ ಹಾಗೆಯೇ ಹೋಯಿತು. ಈ ಬಾರಿ ಜೂನಿನಲ್ಲಿಯೇ ಸಂಖ್ಯೆ ಬದಲಿಸಿಕೊಂಡಿದ್ದಾರೆ. ಮುಂದಿನ ವಾರ ಕಿಟಕಿ ತೆರೆದ ಮೊದಲ ದಿನವೇ ಫೋನು ಪೂರ್ತಿ ಚಾರ್ಜು ಮಾಡಿಕೊಂಡು, ಮಳೆ ಬರುವ ಮೊದಲು, ಬೆಳಗ್ಗೆಯೇ ಬರಲು ಹೇಳಿದ್ದೇನೆ.